11 ಕೆವಿ ಬಸ್‌ನ ಅರ್ತ್ ಫಾಲ್ಟ್: 33 ಕೆವಿ ಕಡೆಯ ಜೀರೋ ಸೀಕ್ವೆನ್ಸ್ ಲೆಕ್ಕಕ್ಕೆ ಬರುತ್ತಾ?

ಪ್ರಶ್ನೆ: 33/11 ಕೆವಿ, 10 ಎಂವಿಎ ಟ್ರಾನ್ಸ್‌ಫಾರ್ಮರ್. ನೇಮ್‌ಪ್ಲೇಟ್‌ನಲ್ಲಿ Dyn11, ಇಂಪೀಡೆನ್ಸ್ 10%. ನ್ಯೂಟ್ರಲ್ ನೇರ ಅರ್ತ್ ಆಗಿದೆ. 33 ಕೆವಿ ಸೋರ್ಸ್ 10 ಎಂವಿಎ ಬೇಸ್‌ನಲ್ಲಿ ಪಾಸಿಟಿವ್, ನೆಗೆಟಿವ್ ತಲಾ 5%, ಜೀರೋ 15%. 11 ಕೆವಿ ಬಸ್‌ನಲ್ಲಿ ಅರ್ತ್ ಫಾಲ್ಟ್ ಆದರೆ ನನ್ನ ಲೆಕ್ಕಕ್ಕೆ 2863 ಆಂಪ್ ಬರುತ್ತದೆ. ಸಾಫ್ಟ್‌ವೇರ್ 3936 ತೋರಿಸುತ್ತಿದೆ. ಮೂರು ಫೇಸ್ ಫಾಲ್ಟೇ 3499 ಇರುವಾಗ ಅದಕ್ಕಿಂತ ಜಾಸ್ತಿ ಹೇಗೆ ಬರುತ್ತೆ?

ಫೀಲ್ಡ್ ಇಂಜಿನಿಯರ್: ಸಾಫ್ಟ್‌ವೇರ್‌ನಲ್ಲೇ ಏನೋ ಎಡವಟ್ಟಾಗಿರಬೇಕು. ಡೆಲ್ಟಾ ಜೀರೋ ಸೀಕ್ವೆನ್ಸನ್ನು ತಡೆಯುತ್ತದೆ ಅಲ್ವಾ? ಹಾಗಾದರೆ ಸರ್ಕ್ಯೂಟ್ ಓಪನ್. ಕರೆಂಟ್ ಕಡಿಮೆ ಆಗಬೇಕೇ ಹೊರತು ಏರಬಾರದು.

ಪ್ರೊಟೆಕ್ಷನ್ ಇಂಜಿನಿಯರ್: ತಡೆಯುತ್ತದೆ ಅನ್ನೋದು ಸರಿ ಸರ್, ಆದರೆ ಯಾವ ಕಡೆಯಿಂದ ನೋಡುತ್ತೀರಿ ಅನ್ನೋದು ಮುಖ್ಯ. 33 ಕೆವಿ ಲೈನಿನಿಂದ ನೋಡಿದರೆ ಓಪನ್ನೇ. ಮೂರೂ ಫೇಸ್‌ನಲ್ಲಿ ಒಂದೇ ದಿಕ್ಕಿನ ಕರೆಂಟ್ ಬಂದರೆ ಡೆಲ್ಟಾದಲ್ಲಿ ವಾಪಸ್ ಹೋಗಲು ನ್ಯೂಟ್ರಲ್ ಇಲ್ಲ.

11 ಕೆವಿ ಕಡೆಯಿಂದ ನೋಡಿದರೆ ಕಥೆ ಬೇರೆ. ಸ್ಟಾರ್‌ನ ಮೂರು ವೈಂಡಿಂಗ್‌ಗಳಲ್ಲಿ ಜೀರೋ ಸೀಕ್ವೆನ್ಸ್ ಕರೆಂಟ್ ಹರಿದು ನ್ಯೂಟ್ರಲ್ ಮೂಲಕ ಅರ್ತ್‌ಗೆ ದಾರಿ ಸಿಗುತ್ತದೆ. ಅದಕ್ಕೆ ಸಮನಾದ ಆಂಪಿಯರ್-ಟರ್ನ್ಸ್ ಡೆಲ್ಟಾದಲ್ಲೂ ಬೇಕು. ಆ ಕರೆಂಟ್ ಡೆಲ್ಟಾದ ಒಳಗೇ ಸುತ್ತುತ್ತದೆ, ಲೈನಿಗೆ ಬರುವುದಿಲ್ಲ. ಸರ್ಕ್ಯೂಟ್ ಬರೆಯುವಾಗ 11 ಕೆವಿ ಟರ್ಮಿನಲ್‌ನಿಂದ 10% ರಿಯಾಕ್ಟೆನ್ಸ್ ಹಾಕಿ, ಅದರ ಇನ್ನೊಂದು ತುದಿಯನ್ನು ನೇರ ರೆಫರೆನ್ಸ್ ಬಸ್‌ಗೆ ಸೇರಿಸಿ. 33 ಕೆವಿ ಟರ್ಮಿನಲ್ ಪಕ್ಕದಲ್ಲಿ ಖಾಲಿ ಬಿಡಿ. ಸೋರ್ಸ್‌ನ 15% ಆ ಕಡೆಯೇ ಉಳಿಯಿತು.

ಕೇಳಿದವರು ಅದನ್ನು ಸೀರೀಸ್‌ನಲ್ಲಿ ಸೇರಿಸಿ ಜೀರೋ ಸೀಕ್ವೆನ್ಸನ್ನು 25% ಮಾಡಿದ್ದಾರೆ. ಹಾಗೆ ಸೇರಿಸುವುದು ಎರಡೂ ಕಡೆ ಸ್ಟಾರ್ ಇದ್ದು, ಎರಡೂ ನ್ಯೂಟ್ರಲ್ ಅರ್ತ್ ಆಗಿರುವ YNyn ಟ್ರಾನ್ಸ್‌ಫಾರ್ಮರ್‌ಗೆ.

```
Ibase = 10000 / (1.732 × 11) = 525 A
Z1 = Z2 = 0.05 + 0.10 = 0.15
Z0 = 0.10
If = 3 / (0.15 + 0.15 + 0.10) = 7.5 pu = 3936 A
```

ಮೂರು ಫೇಸ್ ಫಾಲ್ಟ್‌ಗೆ 15% ಮಾತ್ರ ಎದುರು. ಇಲ್ಲಿ ಮೂರೂ ಸೇರಿ 40%, ಸರಾಸರಿ 13.3%. ಅದಕ್ಕೇ ಅರ್ತ್ ಫಾಲ್ಟ್ ಮೇಲೆ ನಿಲ್ಲುತ್ತದೆ. ಸೋರ್ಸ್ ದುರ್ಬಲ ಆದಷ್ಟೂ ಈ ಅಂತರ ಹೆಚ್ಚುತ್ತದೆ. ಫೀಡರ್‌ನಲ್ಲಿ ದೂರ ಹೋದರೆ ತಿರುಗುಮುರುಗು: ಲೈನಿನ ಜೀರೋ ಸೀಕ್ವೆನ್ಸ್ ದೊಡ್ಡದಾದ್ದರಿಂದ ಅರ್ತ್ ಫಾಲ್ಟ್ ಬೇಗ ಇಳಿಯುತ್ತದೆ.

ರಿಲೇ ಟೆಸ್ಟಿಂಗ್ ಮಾಡುವವರು: ನಮ್ಮಲ್ಲೂ ಇಂಥದ್ದೇ ಟ್ರಾನ್ಸ್‌ಫಾರ್ಮರ್. 11 ಕೆವಿ ಅರ್ತ್ ಫಾಲ್ಟ್ ಆದಾಗ 33 ಕೆವಿ ಕಡೆಯ ಅರ್ತ್ ಫಾಲ್ಟ್ ರಿಲೇ ಅಲ್ಲಾಡಲೇ ಇಲ್ಲ. ಸಿಟಿ ಪೋಲಾರಿಟಿ ನೋಡಬೇಕಾ?

ಪ್ರೊಟೆಕ್ಷನ್ ಇಂಜಿನಿಯರ್: ಬೇಡ, ಅದು ಅಲ್ಲಾಡಬಾರದು. ಫಾಲ್ಟ್ ಆದ ಫೇಸ್‌ಗೆ ಜೋಡಿಯಾದ ಒಂದೇ ಡೆಲ್ಟಾ ವೈಂಡಿಂಗ್‌ನಲ್ಲಿ ಕರೆಂಟ್ ಇರುತ್ತದೆ. ಅದು 33 ಕೆವಿಯ ಒಂದು ಲೈನಿನಿಂದ ಬಂದು ಇನ್ನೊಂದರಲ್ಲಿ ಹೋಗುತ್ತದೆ. ಮೇಲಿನ ಉದಾಹರಣೆಯಲ್ಲಿ ಎರಡು ಲೈನಿನಲ್ಲಿ ತಲಾ 758 ಆಂಪ್, ಮೂರನೆಯದರಲ್ಲಿ ಸೊನ್ನೆ. ಕೂಡಿದರೆ ಏನೂ ಉಳಿಯುವುದಿಲ್ಲ. ಡಿಸ್ಟರ್ಬೆನ್ಸ್ ರೆಕಾರ್ಡ್ ತೆಗೆದು ನೋಡಿ, ಎರಡು ಫೇಸ್ ಸಮ ಮತ್ತು ವಿರುದ್ಧ ಇರಬೇಕು. ಅದನ್ನು ನೋಡಿ 33 ಕೆವಿ ಲೈನಿನಲ್ಲಿ ಫೇಸ್-ಫೇಸ್ ಫಾಲ್ಟ್ ಅಂತ ಹುಡುಕಲು ಹೊರಡಬೇಡಿ. ಬ್ಯಾಕಪ್ ಓವರ್‌ಕರೆಂಟ್ ಸೆಟ್ಟಿಂಗ್ ಹಾಕುವಾಗಲೂ ಈ 758 ನೆನಪಿರಲಿ. ಮೂರು ಫೇಸ್ ಫಾಲ್ಟ್‌ನಲ್ಲಿ ಅದೇ ಲೈನಿನಲ್ಲಿ 1166 ಇರುತ್ತದೆ.

ಕೇಳಿದವರು: ಅರ್ಥ ಆಯ್ತು ಸರ್. ನ್ಯೂಟ್ರಲ್‌ಗೆ ರೆಸಿಸ್ಟರ್ ಹಾಕಿ 400 ಆಂಪ್‌ಗೆ ಇಳಿಸಬೇಕು ಅಂತಿದ್ದಾರೆ. ಅದು ಎಲ್ಲಿ ಬರುತ್ತದೆ?

ಪ್ರೊಟೆಕ್ಷನ್ ಇಂಜಿನಿಯರ್: ಫೇಸ್ ವೋಲ್ಟೇಜ್ 6351. ಅದನ್ನು 400ರಿಂದ ಭಾಗಿಸಿದರೆ ಸುಮಾರು 15.9 ಓಮ್. ನ್ಯೂಟ್ರಲ್‌ನಲ್ಲಿ ಮೂರು ಫೇಸ್‌ನ ಕರೆಂಟೂ ಒಟ್ಟಿಗೆ ಹರಿಯುವುದರಿಂದ, ಜೀರೋ ಸೀಕ್ವೆನ್ಸ್ ಸರ್ಕ್ಯೂಟ್‌ನಲ್ಲಿ ಅದರ ಮೂರು ಪಟ್ಟು, 47.6 ಓಮ್ ಬರೆಯಬೇಕು. ಬೇಸ್ 12.1 ಓಮ್, ಅಂದರೆ 3.94 ಪರ್ ಯೂನಿಟ್. ಅದರ ಮುಂದೆ ಉಳಿದ 0.4 ಲೆಕ್ಕಕ್ಕೇ ಇಲ್ಲ. ಮೂರು ಪಟ್ಟು ಮಾಡುವುದನ್ನು ಮರೆತರೆ ಉತ್ತರ 1150ರ ಹತ್ತಿರ ಬರುತ್ತದೆ. ಹಾಗೆ ಬಂದರೆ ತಪ್ಪು ಅಲ್ಲೇ ಇದೆ ಅಂತ ತಿಳಿಯಿರಿ.

ಡಿಸೈನ್ ವಿಭಾಗದವರು: ಒಂದು ತಕರಾರು. ಜೀರೋ ಸೀಕ್ವೆನ್ಸ್ ಅನ್ನೂ ಸುಮ್ನೆ 10% ಅಂತ ಹಾಕುವುದು ಸರಿಯಲ್ಲ. ಮೂರು ಲಿಂಬ್ ಕೋರ್‌ನಲ್ಲಿ ಮೂರೂ ಫ್ಲಕ್ಸ್ ಒಂದೇ ದಿಕ್ಕಿನಲ್ಲಿರುವುದರಿಂದ ಟ್ಯಾಂಕ್ ಮೂಲಕ ವಾಪಸ್ ಹೋಗುತ್ತವೆ. ಡೆಲ್ಟಾ-ಸ್ಟಾರ್‌ನಲ್ಲಿ ಸಾಮಾನ್ಯವಾಗಿ ಸ್ವಲ್ಪ ಕಡಿಮೆ ಸಿಗುತ್ತದೆ. 9% ಹಾಕಿ ನೋಡಿ, ಕರೆಂಟ್ 4037ಕ್ಕೆ ಹೋಗುತ್ತದೆ.

ಪ್ರೊಟೆಕ್ಷನ್ ಇಂಜಿನಿಯರ್: ಒಪ್ಪುತ್ತೇನೆ. ಟೆಸ್ಟ್ ರಿಪೋರ್ಟ್‌ನಲ್ಲಿ ಅಳೆದ ಬೆಲೆ ಇದ್ದರೆ ಅದೇ ಹಾಕಬೇಕು.

ಫೀಲ್ಡ್ ಇಂಜಿನಿಯರ್: ಹಾಗಾದರೆ ಡೆಲ್ಟಾ ಇಲ್ಲದ Yyn ಟ್ರಾನ್ಸ್‌ಫಾರ್ಮರ್ ಓಪನ್ ಅಂತ ಹಾಕಬಹುದಾ?

ಡಿಸೈನ್ ವಿಭಾಗದವರು: ಪುಸ್ತಕದ ಚಿತ್ರದಲ್ಲಿ ಓಪನ್. ಮೂರು ಲಿಂಬ್ ಕೋರ್ ಆದರೆ ಟ್ಯಾಂಕೇ ಅರೆಬರೆ ಡೆಲ್ಟಾ ತರ ಕೆಲಸ ಮಾಡುತ್ತದೆ, ಸ್ವಲ್ಪ ಕರೆಂಟ್ ಹರಿಯುತ್ತದೆ, ಟ್ಯಾಂಕ್ ಬಿಸಿಯಾಗುತ್ತದೆ. ಅಳೆಯದೆ ಒಂದು ಸಂಖ್ಯೆ ಹೇಳಲು ನಾನು ತಯಾರಿಲ್ಲ.

ಪ್ರೊಟೆಕ್ಷನ್ ಇಂಜಿನಿಯರ್: ರಿಲೇ ಸೆಟ್ಟಿಂಗ್‌ಗೆ ಏನಾದರೂ ಸಂಖ್ಯೆ ಬೇಕಲ್ಲ ಮೇಡಂ. ಒಂದು ಕಡಿಮೆ, ಒಂದು ಜಾಸ್ತಿ ಬೆಲೆ ಹಾಕಿ, ಎರಡರಲ್ಲೂ ರಿಲೇ ಎತ್ತುತ್ತದಾ ಅಂತ ನೋಡುವುದು ನನ್ನ ಪದ್ಧತಿ.

ಡಿಸೈನ್ ವಿಭಾಗದವರು: ಆ ಎರಡು ಬೆಲೆ ಯಾವುವು ಅನ್ನೋದೇ ನನ್ನ ಪ್ರಶ್ನೆ ಸರ್.