ಅಪ್‌ಡೇಟ್: ಜಾಹೀರಾತು ಶೀರ್ಷಿಕೆಗಳ ಪರೀಕ್ಷೆ ಮುಗಿದಿದೆ

ನನ್ನ ಪ್ರಶ್ನೆ: "ಗೂಗಲ್ ಆ್ಯಡ್ಸ್‌ನಲ್ಲಿ ಎರಡು ಶೀರ್ಷಿಕೆಗಳನ್ನು ಒಟ್ಟಿಗೆ ಓಡಿಸಿ, ಹೆಚ್ಚು ಕ್ಲಿಕ್ ಪಡೆದದ್ದೇ ಉತ್ತಮವೆಂದು ನಂಬಬಹುದೇ?"

ಹಾಗೆ ನಂಬಲಾಗದು. ಒಂದೇ ಜಾಹೀರಾತಿನೊಳಗಿದ್ದರೆ ಯಾವ ಶೀರ್ಷಿಕೆಯನ್ನು ಯಾರಿಗೆ ತೋರಿಸಬೇಕೆಂಬುದನ್ನು ಗೂಗಲ್ ತಾನೇ ನಿರ್ಧರಿಸುವುದರಿಂದ, ಒಂದನ್ನು ನೋಡಿದ ಜನರೂ ಇನ್ನೊಂದನ್ನು ನೋಡಿದ ಜನರೂ ಒಂದೇ ಬಗೆಯವರಾಗಿರುವುದಿಲ್ಲ. ಆದ್ದರಿಂದ ಎಕ್ಸ್‌ಪೆರಿಮೆಂಟ್ಸ್ ವಿಭಾಗದಲ್ಲಿ ಪ್ರಚಾರವನ್ನು ಬ್ರೌಸರ್‌ನಲ್ಲಿ ಉಳಿಯುವ ಗುರುತಾದ ಕುಕೀ ಆಧಾರದ ಮೇಲೆ ಅರ್ಧಕ್ಕರ್ಧ ಹಂಚಿದೆ. ಇದರಿಂದ ಒಬ್ಬರೇ ಮತ್ತೆ ಹುಡುಕಿದಾಗಲೂ ಸಾಮಾನ್ಯವಾಗಿ ಅದೇ ಶೀರ್ಷಿಕೆ ಕಾಣುತ್ತದೆ. "ಉಚಿತ ಡೆಲಿವರಿ" ಮತ್ತು "ಎರಡು ವರ್ಷ ವಾರಂಟಿ" ಎಂಬ ಶೀರ್ಷಿಕೆಗಳನ್ನು ಕಡೆಗೊಂದರಂತೆ ಮೊದಲ ಸ್ಥಾನಕ್ಕೆ ಪಿನ್ ಮಾಡಿ, ಕೀವರ್ಡ್, ಬಿಡ್, ಲ್ಯಾಂಡಿಂಗ್ ಪುಟಗಳನ್ನು ಎರಡೂ ಕಡೆ ಒಂದೇ ಇಟ್ಟೆ.

ಎಷ್ಟು ದತ್ತಾಂಶ ಬೇಕೆಂಬುದನ್ನು ಆರಂಭಕ್ಕೂ ಮೊದಲೇ ಲೆಕ್ಕ ಹಾಕಿದ್ದೇ ಅತಿ ಮುಖ್ಯವಾಯಿತು. ಕ್ಲಿಕ್ ದರ ಶೇ. 4ರಿಂದ 5ಕ್ಕೆ ಏರಿದರೆ ಅದನ್ನು ಶೇ. 80ರಷ್ಟು ಸಂಭವದಲ್ಲಿ ಗುರುತಿಸಲು ಪ್ರತಿ ಕಡೆ ಜಾಹೀರಾತು ಸುಮಾರು 7,000 ಬಾರಿ ಪ್ರದರ್ಶನವಾಗಬೇಕು. ಅಲ್ಲಿಯವರೆಗೆ ಫಲಿತಾಂಶ ನೋಡಿ ನಿಲ್ಲಿಸಬಾರದು. ದಿನವೂ ಇಣುಕಿ, ಅಂತರ ಕಂಡ ಕ್ಷಣವೇ ನಿಲ್ಲಿಸುವವರಿಗೆ ಆಕಸ್ಮಿಕ ಏರಿಳಿತವೂ ಗೆಲುವಾಗಿ ಕಾಣುತ್ತದೆ. ವಾರಾಂತ್ಯದ ಹುಡುಕಾಟ ಬೇರೆಯೇ ಆಗಿರುವುದರಿಂದ ಪೂರ್ಣ ವಾರಗಳನ್ನೇ ಓಡಿಸಿದೆ.

ಪ್ರತಿ ಕಡೆ 7,000 ಪ್ರದರ್ಶನಗಳಲ್ಲಿ ಡೆಲಿವರಿಗೆ 280, ವಾರಂಟಿಗೆ 343 ಕ್ಲಿಕ್‌ಗಳು ಬಂದವು. ಅಂತರ 0.9 ಶೇಕಡಾಂಶವಾದರೂ, ನಿಜವಾದ ಅಂತರ ಎಲ್ಲಿಂದ ಎಲ್ಲಿಯವರೆಗೆ ಇರಬಹುದೆಂದು ಹೇಳುವ ಶೇ. 95ರ ವಿಶ್ವಾಸ ವ್ಯಾಪ್ತಿ ಸುಮಾರು 0.2ರಿಂದ 1.6ರವರೆಗಿದೆ. ವಾರಂಟಿಯೇ ಮುಂದಿದೆ ಎನ್ನಬಹುದು, ಎಷ್ಟು ಮುಂದೆ ಎಂಬುದು ಇನ್ನೂ ಅಸ್ಪಷ್ಟ. ಅದು ಖರೀದಿಯನ್ನೂ ಹೆಚ್ಚಿಸುತ್ತದೆಯೇ ಎಂಬುದಕ್ಕೆ ಇದಕ್ಕಿಂತ ಬಹಳ ದೊಡ್ಡ ಪರೀಕ್ಷೆ ಬೇಕು.