"ದೃಢೀಕರಿಸಲು ಒಂದನ್ನು ಒತ್ತಿ": ಕಿವಿಗೆ ಬಿದ್ದಾಗ ಅರ್ಥವಾಗುವ ಪದ ಯಾವುದು?

ಎಲ್ಲರಿಗೂ ನಮಸ್ಕಾರ. ಒಂದು ಪದದ ಬಗ್ಗೆ ಕೇಳಬೇಕಿತ್ತು.

ಅಮ್ಮನ ಹತ್ತಿರ ಇರುವುದು ಬಟನ್ ಫೋನ್, ಇಂಟರ್ನೆಟ್ ಇಲ್ಲ. ಒಂದು ನಂಬರಿಗೆ ಕರೆ ಮಾಡಿ, ಕನ್ನಡ ಆರಿಸಿಕೊಂಡು, ಅಲ್ಲಿ ಹೇಳಿದ ಹಾಗೆ ಬಟನ್ ಒತ್ತುತ್ತಾ ಹಣ ಕಳಿಸುತ್ತಾರೆ. ಯಾರಿಗೆ ಅಂತ ಅವರ ಮೊಬೈಲ್ ನಂಬರ್ ಒತ್ತುವುದು, ಎಷ್ಟು ಅಂತ ಒತ್ತುವುದು, ಇಲ್ಲಿಯವರೆಗೆ ಏನೂ ತೊಂದರೆ ಇಲ್ಲ. ಆಮೇಲೆ ಹೆಸರು, ಮೊತ್ತ ಓದಿ ಹೇಳಿ "ದೃಢೀಕರಿಸಲು ಒಂದನ್ನು ಒತ್ತಿ, ರದ್ದುಗೊಳಿಸಲು ಎರಡನ್ನು ಒತ್ತಿ" ಅನ್ನುತ್ತದೆ. ಅಲ್ಲಿ ಅಮ್ಮ ನಿಂತುಬಿಟ್ಟರು. ಫೋನ್ ಕಿವಿಯಿಂದ ತೆಗೆದು "ಏನು ಮಾಡು ಅಂತಿದೆ ಇದು?" ಅಂತ ನನ್ನನ್ನು ಕೇಳಿದರು. ಅಷ್ಟರಲ್ಲಿ ಸಮಯ ಮುಗಿದು ಕರೆ ಕಟ್ ಆಯಿತು. ಅಮ್ಮ ಏಳನೇ ಕ್ಲಾಸ್ ಓದಿದವರು, ದಿನಾ ಪೇಪರ್ ಓದುತ್ತಾರೆ. ಪೇಪರಿನಲ್ಲಿ ಆ ಪದ ಕಂಡಿದ್ದರೆ ಗೊತ್ತಾಗುತ್ತಿತ್ತೇನೋ, ಕಿವಿಯಲ್ಲಿ ಹಿಡಿಯಲಿಲ್ಲ. ಖಚಿತಪಡಿಸಿ, ಖಾತ್ರಿ ಮಾಡಿ, ಒಪ್ಪಿಗೆ ಕೊಡಿ, ಇವುಗಳಲ್ಲಿ ಯಾವುದು ಸರಿ? ಬೇರೆ ಇದ್ದರೂ ಹೇಳಿ.

ಮೊದಲ ಉತ್ತರ

ಇಂಥ ಕರೆಗಳನ್ನು ನಂಬಲೇಬೇಡಿ ಅನ್ನುವುದು ನನ್ನ ಸಲಹೆ. ನನಗೆ ಹೋದ ತಿಂಗಳು ಒಂದು ಕರೆ ಬಂತು. ಅಚ್ಚುಕಟ್ಟಾದ ಕನ್ನಡ, ನಿಮ್ಮ ಖಾತೆಗೆ ಹಣ ಬರಬೇಕಿದೆ, ಪಡೆಯಲು ಪಿನ್ ಒತ್ತಿ ಅಂತ. ಇನ್ನೇನು ಒತ್ತಬೇಕು, ಮಗಳು ಫೋನ್ ಕಿತ್ತುಕೊಂಡಳು. ಪದ ಯಾವುದಾದರೇನು, ಮೊದಲು ಇದನ್ನು ಜನರಿಗೆ ತಿಳಿಸಬೇಕು.

ಎರಡನೇ ಉತ್ತರ

ಸರ್, ನಿಮಗೆ ಆದದ್ದು ಬೇರೆ ವಿಷಯ. ಇವರ ಅಮ್ಮ ತಾವೇ ಕರೆ ಮಾಡಿದ್ದಾರೆ. ಹಣ ಬರುವುದಕ್ಕೆ ಪಿನ್ ಬೇಕಾಗುವುದೇ ಇಲ್ಲ, ಕಳಿಸುವುದಕ್ಕೆ ಬೇಕು. ಮಗಳು ಮಾಡಿದ್ದು ಸರಿ. ಆದರೆ ಎಲ್ಲ ಒಳಬರುವ ಕರೆಯೂ ಮೋಸ ಅಂತಲೂ ಹೇಳಲಾಗದು. 2022ರ ಮಾರ್ಚ್‌ನಲ್ಲಿ ರಿಸರ್ವ್ ಬ್ಯಾಂಕ್ ಬಟನ್ ಫೋನಿನವರಿಗೆ ಅಂತ ಯುಪಿಐ 123ಪೇ ಶುರು ಮಾಡಿದಾಗ ಹೇಳಿದ ನಾಲ್ಕು ದಾರಿಗಳಲ್ಲಿ ಮಿಸ್ಡ್ ಕಾಲ್ ಕೂಡ ಒಂದು. ನಾವು ಮಿಸ್ಡ್ ಕಾಲ್ ಕೊಟ್ಟರೆ ಅವರು ತಿರುಗಿ ಕರೆ ಮಾಡುತ್ತಾರೆ, ಪಿನ್ ಒತ್ತಿದರೆ ಹಣ ಹೋಗುತ್ತದೆ. ನಾವಾಗಿ ಶುರು ಮಾಡದೆ ಬಂದ ಕರೆಯಲ್ಲಿ ಪಿನ್ ಒತ್ತಬಾರದು, ಅಷ್ಟೇ.

ಈಗ ಪದಕ್ಕೆ ಬರುತ್ತೇನೆ. ಇಂಥ ಧ್ವನಿ ಸೂಚನೆಗಳನ್ನು ಬರೆದು ರೆಕಾರ್ಡ್ ಮಾಡಿಸುವ ಕೆಲಸವನ್ನು ಕೆಲವು ವರ್ಷ ಮಾಡಿದ್ದೇನೆ. "ದೃಢೀಕರಿಸಿ" ಬೇಡ. "ಖಚಿತಪಡಿಸಿ" ಕೂಡ ಬೇಡ ಅನ್ನುತ್ತೇನೆ. ಏನನ್ನು ಖಚಿತಪಡಿಸಬೇಕು ಅನ್ನುವುದನ್ನು ಕೇಳುವವರೇ ಊಹಿಸಿಕೊಳ್ಳಬೇಕಾಗುತ್ತದೆ. ಒತ್ತಿದರೆ ಏನಾಗುತ್ತದೋ ಅದನ್ನೇ ಹೇಳಿ: "ಈ ಹಣ ಕಳಿಸಲು ಒಂದು ಒತ್ತಿ. ಬೇಡವಾದರೆ ಎರಡು ಒತ್ತಿ." ಕೆಲಸ ಮೊದಲು, ಅಂಕಿ ಕೊನೆಗೆ. ಮಾತು ಮುಗಿದಾಗ ಅಂಕಿ ಕಿವಿಯಲ್ಲೇ ಇರುತ್ತದೆ, ಬೆರಳು ಅಲ್ಲಿಗೆ ಹೋಗುತ್ತದೆ. "ಒಂದನ್ನು ಒತ್ತಿ, ಕಳಿಸುವುದಕ್ಕಾಗಿ" ಅಂತ ತಿರುಗಿಸಿ ಬರೆದದ್ದನ್ನೂ ನೋಡಿದ್ದೇನೆ, ಕೇಳುವವರಿಗೆ ಅಂಕಿ ಮರೆತೇ ಹೋಗಿರುತ್ತದೆ.

ಇನ್ನೊಂದು ಪದ "ಹ್ಯಾಶ್". ಪಿನ್ ಒತ್ತಿ ಕೊನೆಗೆ ಹ್ಯಾಶ್ ಒತ್ತಿ ಅಂದರೆ ಬಹಳ ಜನ ಸುಮ್ನೆ ಕಾಯುತ್ತಾ ಕೂತಿರುತ್ತಾರೆ. "ಸೊನ್ನೆಯ ಬಲಗಡೆ ಇರುವ ಬಟನ್ ಒತ್ತಿ" ಅಂದರೆ ಕತ್ತಲಲ್ಲೂ ಸಿಗುತ್ತದೆ.

ಮೂರನೇ ಉತ್ತರ

ಪದಕ್ಕಿಂತ ಮೊತ್ತ ಓದುವ ರೀತಿ ನನಗೆ ದೊಡ್ಡ ತೊಂದರೆ. ಒಂದು ಸಲ "ಎರಡು ನೂರು ಐವತ್ತು" ಅಂತ ಕೇಳಿದೆ. ನಾವು ಯಾರೂ ಹಾಗೆ ಹೇಳುವುದಿಲ್ಲ, ಅಲ್ವಾ? ಇನ್ನೂರ ಐವತ್ತು. ಇದು ಯಂತ್ರದ ದನಿ, ಅದಕ್ಕೇ ಹೀಗೆ. ಮನುಷ್ಯರ ದನಿಯಲ್ಲಿ ರೆಕಾರ್ಡ್ ಮಾಡಿದರೆ ಸರಿಹೋಗುತ್ತದೆ. ಇನ್ನೊಂದು ಮಾತು, ಪಿನ್ ಒತ್ತಿದಾಗ ಬರುವ ಸದ್ದನ್ನು ಪಕ್ಕದಲ್ಲಿರುವವರು ಕೇಳಿ ಪಿನ್ ಕಂಡುಹಿಡಿಯಬಹುದು, ಜೋಪಾನ.

ಎರಡನೇ ಉತ್ತರ ಬರೆದವರು ಮತ್ತೆ

ಮನುಷ್ಯರ ದನಿಯಲ್ಲೂ ಇದೇ ತಪ್ಪು ಆಗುತ್ತದೆ, ಬಹುಶಃ ನೀವು ಕೇಳಿದ್ದೂ ಅದೇ. ಎಲ್ಲ ಮೊತ್ತವನ್ನೂ ಯಾರೂ ಓದಿ ಇಡಲಾಗುವುದಿಲ್ಲ. ತುಂಡು ತುಂಡಾಗಿ ರೆಕಾರ್ಡ್ ಮಾಡಿ ಜೋಡಿಸುತ್ತಾರೆ. ಇಂಗ್ಲಿಷಿನ ಅಚ್ಚಿನಲ್ಲಿ ಎರಡು, ನೂರು, ಐವತ್ತು ಅಂತ ಮೂರು ತುಂಡು ಮಾಡಿದರೆ ಕನ್ನಡ ಕೆಡುತ್ತದೆ. ನಮ್ಮಲ್ಲಿ ಇನ್ನೂರು, ಮುನ್ನೂರು, ನಾನೂರು, ಒಂಬೈನೂರು ಎಲ್ಲವೂ ಬೇರೆಬೇರೆ ರೂಪ. ಅದರ ಮೇಲೆ ಪ್ರತಿಯೊಂದಕ್ಕೂ ಎರಡು ರೆಕಾರ್ಡ್ ಬೇಕು. ಮೊತ್ತ ಅಲ್ಲಿಗೇ ಮುಗಿದರೆ "ಇನ್ನೂರು", ಮುಂದೆ ಇನ್ನೂ ಇದ್ದರೆ "ಇನ್ನೂರ". ಹಾಗೆಯೇ "ಸಾವಿರ" ಮತ್ತು "ಸಾವಿರದ". ಈ ಜೋಡಿ ತಪ್ಪಿದರೆ ಕೇಳುವವರು ಮೊತ್ತ ಮುಗಿಯಿತು ಅಂದುಕೊಂಡು, ಆಮೇಲೆ ಬಂದ "ಐವತ್ತು" ಏನು ಅಂತ ಗಾಬರಿಯಾಗುತ್ತಾರೆ.

ಇದಕ್ಕಿಂತ ಹೆದರಬೇಕಾದ್ದು ಎಪ್ಪತ್ತು ಮತ್ತು ಎಂಬತ್ತು. ಸಾಮಾನ್ಯ ಫೋನ್ ಲೈನಿನಲ್ಲಿ ಸುಮಾರು 300ರಿಂದ 3400 ಹರ್ಟ್ಜ್‌ವರೆಗಿನ ಸದ್ದು ಮಾತ್ರ ಸಾಗುತ್ತದೆ. ಸ್ವಲ್ಪ ಗದ್ದಲವಿದ್ದರೆ ನಡುವಿನ "ಪ್ಪ", "ಂಬ" ಕರಗಿಹೋಗಿ ಎರಡೂ ಒಂದೇ ಥರ ಕೇಳುತ್ತವೆ. ಹಾಗಾಗಿ ನಾನು "ಎಪ್ಪತ್ತು ರೂಪಾಯಿ" ಅಂತ ಹೇಳಿಸಿ, ಕೂಡಲೇ "ಏಳು, ಸೊನ್ನೆ" ಅಂತ ಅಂಕಿಗಳನ್ನೂ ಹೇಳಿಸುತ್ತಿದ್ದೆ. ಹೆಸರಿಗೆ ಮಾತ್ರ ಸುಲಭ ದಾರಿ ಇದೆ. ಯಾವ ಹೆಸರಿನ ಮುಂದೆಯೂ "ಅವರಿಗೆ" ಸೇರಿಸಿದರೆ ಸಾಕು, ಪ್ರತಿ ಹೆಸರಿಗೂ ಪ್ರತ್ಯಯ ಹಚ್ಚುವ ಕೆಲಸ ತಪ್ಪುತ್ತದೆ.

ಪಿನ್ ವಿಷಯದಲ್ಲಿ ನೀವು ಹೇಳಿದ್ದು ಅರ್ಧ ನಿಜ. ಪ್ರತಿ ಬಟನ್ನಿಗೂ ಎರಡು ಸ್ವರ ಒಟ್ಟಿಗೆ ಹೋಗುತ್ತವೆ. ಏಳು ಒತ್ತಿದರೆ 852 ಮತ್ತು 1209 ಹರ್ಟ್ಜ್. ಪಕ್ಕದಲ್ಲಿ ಕೂತವರು ಬರೀ ಕಿವಿಯಲ್ಲಿ ಕೇಳಿ ಅಂಕಿ ಹೇಳುವುದು ಬಹಳ ಕಷ್ಟ. ಆದರೆ ಕರೆ ರೆಕಾರ್ಡ್ ಆಗಿದ್ದರೆ ಸಣ್ಣ ಪ್ರೋಗ್ರಾಂ ಕೂಡ ಅದನ್ನು ಬಿಡಿಸುತ್ತದೆ. ಅದಕ್ಕೇ ಪಿನ್ ಒತ್ತುವ ಹೊತ್ತಿನ ಸದ್ದು ರೆಕಾರ್ಡಿನಲ್ಲಿ ಉಳಿಯದ ಹಾಗೆ ಸೇವೆ ನಡೆಸುವವರು ನೋಡಿಕೊಳ್ಳಬೇಕು.

ಕೇಳಿದವರು

ತುಂಬಾ ಉಪಕಾರವಾಯಿತು. ನಿನ್ನೆ ರಾತ್ರಿ ನಾನೇ ದನಿ ಮಾಡಿ ಅಮ್ಮನಿಗೆ ಹೇಳಿ ನೋಡಿದೆ. "ಈ ಹಣ ಕಳಿಸಲು ಒಂದು ಒತ್ತಿ" ಅಂದಾಗ ಅಮ್ಮ ಕೇಳಿದ್ದು: "ಮೊದಲೇ ಹಣ ಕಳಿಸಲು ಒಂದು ಒತ್ತು ಅಂದಿತ್ತಲ್ಲ, ಮತ್ತೆ ಮೊದಲಿಂದ ಶುರುವಾಯ್ತಾ?" ಹೌದು, ಕರೆಯ ಶುರುವಿನಲ್ಲೂ ಹೆಚ್ಚುಕಡಿಮೆ ಅದೇ ಮಾತಿದೆ! "ಸರಿ ಇದ್ದರೆ ಒಂದು ಒತ್ತಿ, ತಪ್ಪಿದ್ದರೆ ಎರಡು ಒತ್ತಿ" ಅಂದಾಗ ತಟ್ಟನೆ ಒತ್ತಿದರು. ಆದರೆ ಆಮೇಲೆ "ಹಣ ಹೋಗುತ್ತೆ ಅಂತ ಹೇಳಲೇ ಇಲ್ಲವಲ್ಲ" ಅಂದರು.

ಇನ್ನೊಂದು ವಾಕ್ಯವೂ ಇದೆ. ಪಿನ್ ಒತ್ತಿದ ಮೇಲೆ "ನಿಮ್ಮ ಕೋರಿಕೆಯನ್ನು ಸ್ವೀಕರಿಸಲಾಗಿದೆ" ಅಂತ ಬಂತು. ಅಮ್ಮನಿಗೆ ಕೇಳಿಸಿದ್ದು "ಕೋರಿಕೆ" ಮಾತ್ರ. ಏನೋ ಬಾಕಿ ಇದೆ ಅಂದುಕೊಂಡು ಮತ್ತೆ ಕರೆ ಮಾಡಿದರು, ಹಣ ಎರಡು ಸಲ ಹೋಯಿತು. ಪಡೆದವರು ಪರಿಚಯದವರು, ವಾಪಸ್ ಕೊಟ್ಟರು.

ಎರಡನೇ ಉತ್ತರ ಬರೆದವರು

ಅದು ಕೆಟ್ಟ ವಾಕ್ಯ. ಬ್ಯಾಂಕಿನಿಂದ ಉತ್ತರ ಬರುವ ಮೊದಲು ಹೇಳುವುದಾದರೆ "ಹಣ ಕಳಿಸುತ್ತಿದ್ದೇವೆ. ಮೆಸೇಜ್ ಬರುವವರೆಗೆ ಮತ್ತೆ ಕಳಿಸಬೇಡಿ" ಅನ್ನಬೇಕು. ಉತ್ತರ ಬಂದ ಮೇಲೆ "ಹಣ ಹೋಗಿದೆ" ಅಥವಾ "ಹಣ ಹೋಗಿಲ್ಲ". ನಡುವೆ ಕರೆ ಕಟ್ ಆದರೂ ಇದೇ ಮಾತು, ಮೊದಲು ಮೆಸೇಜ್ ಇಲ್ಲವೇ ಬ್ಯಾಲೆನ್ಸ್ ನೋಡಿ, ಆಮೇಲೆ ಇನ್ನೊಂದು ಕರೆ.

ಆ "ಒಂದು ಒತ್ತಿ" ವಿಷಯದಲ್ಲಿ ನಿಮ್ಮ ಅಮ್ಮ ಹೇಳಿದ್ದು ನನಗೆ ಹೊಳೆದೇ ಇರಲಿಲ್ಲ. "ಎಲ್ಲ ಸರಿ ಇದ್ದರೆ ಒಂದು ಒತ್ತಿ, ಹಣ ಹೋಗುತ್ತದೆ" ಅಂದರೆ? ಇಲ್ಲಿ ಅಂಕಿ ನಡುವೆ ಸಿಕ್ಕಿಕೊಳ್ಳುತ್ತದೆ, ಅದೇ ನನಗೆ ಅಳುಕು. ಒಮ್ಮೆ ಅಮ್ಮನಿಗೆ ಹೇಳಿ ನೋಡಿ ಬರೆಯಿರಿ.