ಇಬ್ಬರಿಗೂ ಚಾರಣ ಇಷ್ಟ, ಅಷ್ಟು ಸಾಕಾ?

ಪ್ರಶ್ನೆ

ಮೇಡಂ, ನನಗೆ 28. ಬೆಂಗಳೂರಲ್ಲಿ ಕೆಲಸ. ಮನೆಯವರು ನೋಡಿದ ಹುಡುಗನ ಜೊತೆ ಮೂರು ತಿಂಗಳಿಂದ ಮಾತಾಡ್ತಾ ಇದ್ದೀನಿ. ಚಾರಣ, ನಾಟಕ, ಪುಸ್ತಕ, ಎಲ್ಲದರಲ್ಲೂ ಇಬ್ಬರ ಇಷ್ಟ ಒಂದೇ. ಅಮ್ಮ ಮಾತ್ರ "ಹವ್ಯಾಸ ನಾಲ್ಕು ದಿನದ್ದು, ಸಂಸ್ಕಾರ ನೋಡು" ಅಂತಾರೆ. ಹುಡುಗನೂ ನಾನೂ "ಫ್ಯಾಮಿಲಿ ಮೊದಲು" ಅನ್ನೋರೇ, ಹಾಗಾದ್ರೆ ಅದೂ ಹೊಂದಿದ ಹಾಗೇ ಅಲ್ವಾ? ನಿಶ್ಚಿತಾರ್ಥಕ್ಕೆ ಒಪ್ಪೋ ಮೊದಲು ಯಾವುದನ್ನ ಜಾಸ್ತಿ ತೂಗಬೇಕು? ಅಪ್ಪ ಇಲ್ಲ, ಅಮ್ಮನಿಗೆ ನಾನೊಬ್ಬಳೇ ಮಗಳು.

ಉತ್ತರ: ದಾಂಪತ್ಯ ಆಪ್ತಸಮಾಲೋಚಕಿ

ಮೌಲ್ಯವನ್ನೇ ಜಾಸ್ತಿ ತೂಗಿ. ಆದರೆ ನೀವಿಬ್ಬರೂ ಅದನ್ನು ಇನ್ನೂ ಹೋಲಿಸಿ ನೋಡಿಯೇ ಇಲ್ಲ. "ಫ್ಯಾಮಿಲಿ ಮೊದಲು" ಎಂದು ಎಲ್ಲರೂ ಹೇಳುತ್ತಾರೆ. ಎರಡು ಒಳ್ಳೆಯ ಕೆಲಸಗಳಿಗೆ ದುಡ್ಡೋ ಸಮಯವೋ ಸಾಲದೆ, ಒಂದನ್ನು ಕೈಬಿಡಲೇಬೇಕಾದಾಗ ಯಾವುದನ್ನು ಉಳಿಸಿಕೊಳ್ಳುತ್ತಾರೆ ಎನ್ನುವುದರಲ್ಲಿ ಮಾತ್ರ ಒಬ್ಬರ ಮೌಲ್ಯ ಕಾಣಿಸುತ್ತದೆ.

ನಿಮ್ಮ ಸಂಬಳ ನನಗೆ ಗೊತ್ತಿಲ್ಲ, ಉದಾಹರಣೆಗೆ ಒಂದು ಲೆಕ್ಕ ಹಿಡಿಯೋಣ. ಅವರಿಗೆ ಕೈಗೆ ಬರುವುದು 85,000, ನಿಮಗೆ 62,000. ಒಟ್ಟು 1,47,000. ಬಾಡಿಗೆ 28,000, ಮನೆಖರ್ಚು 30,000, ಅವರು ಊರಿಗೆ ಕಳಿಸುವುದು 25,000, ಊರಲ್ಲಿ ಕಟ್ಟಿಸಿದ ಮನೆಯ ಸಾಲದ ಕಂತು 14,000, ನೀವು ಅಮ್ಮನಿಗೆ ಕೊಡುವುದು 15,000. ಎಲ್ಲ ಸೇರಿ 1,12,000. ಕೈಯಲ್ಲಿ 35,000 ಉಳಿಯುತ್ತದೆ, ಎಲ್ಲರಿಗೂ ಸಮಾಧಾನ. ಈ ಹಂತದಲ್ಲಿ ನೀವಿಬ್ಬರೂ ಒಂದೇ ಮನಸ್ಸಿನವರು ಅನ್ನಿಸುತ್ತದೆ, ಯಾಕೆಂದರೆ ಯಾರೂ ಏನನ್ನೂ ಬಿಡಬೇಕಾಗಿಲ್ಲ.

ಈಗ ಮಗು ಆಯಿತು ಅನ್ನಿ. 26 ವಾರದ ಸಂಬಳಸಹಿತ ಹೆರಿಗೆ ರಜೆ ಮುಗಿದ ಮೇಲೆ ನೀವು ಒಂದು ವರ್ಷ ಕೆಲಸ ಬಿಟ್ಟಿರಿ. ಆದಾಯ 85,000ಕ್ಕೆ ಇಳಿಯಿತು, ಖರ್ಚು ಅಷ್ಟೇ ಇದೆ. ಮಗುವಿನ ಖರ್ಚು ಸೇರಿಸುವ ಮೊದಲೇ ತಿಂಗಳಿಗೆ 27,000 ಕೊರತೆ. ಆಗ ಯಾವುದನ್ನು ಕಡಿಮೆ ಮಾಡುತ್ತೀರಿ? ನಿಮ್ಮ ಅಮ್ಮನ 15,000 ಮೊದಲು ನಿಲ್ಲಬೇಕು ಎಂದು ಅವರಿಗೆ ಸಹಜವಾಗಿ ಅನ್ನಿಸಬಹುದು, "ಈಗ ನೀನು ದುಡಿಯುತ್ತಿಲ್ಲವಲ್ಲ" ಎಂಬ ಕಾರಣಕ್ಕೆ. ಎರಡೂ ಕಡೆ ಸಮನಾಗಿ ಇಳಿಸಬೇಕು ಎಂದು ನಿಮಗೆ ಅಷ್ಟೇ ಸಹಜವಾಗಿ ಅನ್ನಿಸಬಹುದು. ಅಥವಾ ಊರಿನ ಮನೆ ಮಾರಿ ಸಾಲ ತೀರಿಸೋಣ ಅನ್ನಬಹುದು, ಅದು ಅವರ ತಂದೆಯ ಮರ್ಯಾದೆಯ ಪ್ರಶ್ನೆ ಆಗಿರಬಹುದು. ಇಬ್ಬರೂ ಫ್ಯಾಮಿಲಿಯನ್ನೇ ಮೊದಲಿಟ್ಟವರು, ಆದರೂ ಜಗಳ ಶುರುವಾಯಿತು.

ಆದ್ದರಿಂದ ಹೀಗೆ ಮಾಡಿ. ಒಂದು ಭಾನುವಾರ ಇಬ್ಬರೂ ಬೇರೆಬೇರೆ ಕೂತು, ಒಬ್ಬರದನ್ನು ಒಬ್ಬರು ನೋಡದೆ, ಕಾಗದದ ಮೇಲೆ ಬರೆಯಿರಿ. ಇಪ್ಪತ್ತು ನಿಮಿಷ ಸಾಕು. ಪ್ರಶ್ನೆ ನಾಲ್ಕೇ: ಕೊರತೆ ಬಂದ ತಿಂಗಳಲ್ಲಿ ಯಾವ ಖರ್ಚು ಮೊದಲು ಇಳಿಯಬೇಕು, ಎಷ್ಟು ರೂಪಾಯಿ? ನಿಮ್ಮ ಅಮ್ಮನೋ ಅವರ ತಂದೆತಾಯಿಯೋ ಹಾಸಿಗೆ ಹಿಡಿದರೆ ಎಲ್ಲಿರಬೇಕು, ಯಾರು ರಜೆ ಹಾಕಬೇಕು? ಒಬ್ಬರಿಗೆ ಬೇರೆ ಊರಲ್ಲಿ ಒಳ್ಳೆಯ ಕೆಲಸ ಸಿಕ್ಕರೆ ಇನ್ನೊಬ್ಬರು ಏನು ಮಾಡಬೇಕು? ಮಗು ಬೇಕಾ, ಯಾವಾಗ, ಅದನ್ನು ನೋಡಿಕೊಳ್ಳುವವರು ಯಾರು? ಹೆಸರು, ಮೊತ್ತ, ಅವಧಿ ಇಲ್ಲದ ಉತ್ತರವನ್ನು ಉತ್ತರ ಎಂದು ಎಣಿಸಬೇಡಿ.

ಬರೆದದ್ದನ್ನು ಅದಲುಬದಲು ಮಾಡಿಕೊಂಡಾಗ ಉತ್ತರಗಳು ಒಂದೇ ಇರಬೇಕು ಎಂದು ನಿರೀಕ್ಷಿಸಬೇಡಿ. ದಾಂಪತ್ಯದ ಬಗ್ಗೆ ದಶಕಗಟ್ಟಲೆ ಅಧ್ಯಯನ ನಡೆಸಿದ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ಅವರ ಪ್ರಕಾರ, ದಂಪತಿಗಳ ಭಿನ್ನಾಭಿಪ್ರಾಯಗಳಲ್ಲಿ ಸುಮಾರು 69% ಕೊನೆಯವರೆಗೂ ಬಗೆಹರಿಯುವಂಥವಲ್ಲ. ಚೆನ್ನಾಗಿ ಬಾಳುವವರಲ್ಲೂ ಅವು ಇರುತ್ತವೆ, ಅವರು ಅದರ ಬಗ್ಗೆ ಮಾತಾಡುತ್ತಲೇ ಇರುತ್ತಾರೆ. ಹಾಗಾಗಿ ಪ್ರತಿ ಉತ್ತರದ ಪಕ್ಕದಲ್ಲಿ "ಇದರಲ್ಲಿ ನಾನು ಬಿಡಲಾರದ್ದು ಯಾವುದು, ಸಡಿಲಿಸಬಹುದಾದದ್ದು ಯಾವುದು" ಎಂದು ಇಬ್ಬರೂ ಬರೆಯಿರಿ. ನಿಮ್ಮದು "ಅಮ್ಮನಿಗೆ ತಿಂಗಳಿಗೆ ಏನಾದರೂ ಹೋಗಲೇಬೇಕು, 15,000ವೇ ಆಗಬೇಕೆಂದಿಲ್ಲ" ಎಂದಿರಬಹುದು. ಬಿಡಲಾರದ್ದು ಬಿಡಲಾರದ್ದಕ್ಕೆ ನೇರವಾಗಿ ಎದುರು ನಿಂತರೆ ಮಾತ್ರ ನಿಲ್ಲಿಸಿ ಯೋಚಿಸಿ.

ಈ ವಿಧಾನ ಎಡವುವುದು ಒಂದು ಕಡೆ. ನಿಶ್ಚಿತಾರ್ಥಕ್ಕೆ ಮುಂಚೆ ಇಬ್ಬರೂ ಮೆಚ್ಚಿಸುವ ಉತ್ತರ ಬರೆಯುತ್ತಾರೆ. ಅದಕ್ಕೆ ಮದ್ದು, ಆಗಿಹೋದದ್ದನ್ನು ಕೇಳುವುದು: ಹೋದ ವರ್ಷದ ಬೋನಸ್ ಎಲ್ಲಿಗೆ ಹೋಯಿತು? ಮನೆಯಲ್ಲಿ ಯಾರಿಗಾದರೂ ಆಸ್ಪತ್ರೆ ಆದಾಗ ರಜೆ ಹಾಕಿದ್ದು ಯಾರು? ತಂದೆತಾಯಿಗೆ ಕೊನೆಯ ಸಲ "ಇಲ್ಲ" ಅಂದದ್ದು ಯಾವ ವಿಷಯಕ್ಕೆ?

ಹಾಸನದ ಸದಸ್ಯರು

ಅಷ್ಟೆಲ್ಲ ಕೇಳಿದರೆ ಇರೋ ಸಂಬಂಧವೂ ತಪ್ಪುತ್ತೆ ಕಣಮ್ಮಾ. ಜಾತಕ ತೋರಿಸಿ. 36ಕ್ಕೆ 18ರ ಮೇಲೆ ಕೂಟ ಬಂದ್ರೆ ಮುಂದುವರೀರಿ. ಅಲ್ಲದೆ ಮದುವೆ ಆದ ಮಗಳು ತವರಿಗೆ ತಿಂಗಳು ತಿಂಗಳು ದುಡ್ಡು ಕಳಿಸೋ ರೂಢಿ ನಮ್ಮ ಕಡೆ ಇಲ್ಲ.

ಆಪ್ತಸಮಾಲೋಚಕಿ

ಸರ್, ಕೂಟ ನೋಡುವುದು ಮನೆಯವರ ನಂಬಿಕೆ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಊರಿಗೆ ಎಷ್ಟು ಕಳಿಸಬೇಕು ಎಂಬುದನ್ನು ಅದು ಹೇಳುವುದಿಲ್ಲ. ರೂಢಿಯ ಮಾತಿಗೆ ಬಂದರೆ, ಹೆತ್ತವರ ಪೋಷಣೆಯ ಬಗ್ಗೆ 2007ರಲ್ಲಿ ಬಂದ ಕೇಂದ್ರದ ಕಾಯ್ದೆ ಮಗನನ್ನೂ ಮಗಳನ್ನೂ ಹೊಣೆ ಮಾಡುತ್ತದೆ. ಆದರೂ ನೀವು ಹೇಳಿದ ರೂಢಿ ಬಹಳ ಮನೆಗಳಲ್ಲಿ ಇದೆ. ಇದೇ ಹುಡುಗನ ಮನೆಯಲ್ಲೂ ಇರಬಹುದು. ಅದನ್ನು ಮದುವೆಗೆ ಮೊದಲೇ ತಿಳಿಯಲಿ ಅಂತಲೇ ನಾನು ಹೇಳುತ್ತಿರುವುದು.

ಸಂಬಂಧ ತಪ್ಪುತ್ತದೆ ಎಂಬ ಭಯ ನಿಜ. ಪ್ರಶ್ನೆ ಕೇಳುವವರು ತನಿಖೆ ಮಾಡುವವರಂತೆ ಕೂತರೆ ತಪ್ಪಲೂಬಹುದು. ಅದಕ್ಕೆ ನಿಮ್ಮ ಉತ್ತರವನ್ನು ಮೊದಲು ಹೇಳಿಬಿಡಿ: "ಅಮ್ಮನಿಗೆ ನಾನು ಇಷ್ಟು ಕೊಡ್ತೀನಿ, ಮುಂದೂ ಕೊಡಬೇಕು ಅಂತಿದ್ದೀನಿ. ನಿಮ್ಮ ಮನೇಲಿ ಹೇಗೆ?" ಹೀಗೆ ಕೇಳಿದರೆ ಯಾರೂ ಮುಜುಗರ ಪಡುವುದಿಲ್ಲ.

ಡಾಲಸ್‌ನಲ್ಲಿರುವ ಸದಸ್ಯರು

ಮೇಡಂ, 2020ರಲ್ಲಿ ಸಮಂತಾ ಜೋಯೆಲ್ ಮತ್ತು ಸಂಗಡಿಗರು 11,196 ಜೋಡಿಗಳ ಮಾಹಿತಿ ಒಟ್ಟುಮಾಡಿ ನೋಡಿದ್ದಾರೆ. ಇಬ್ಬರ ಗುಣಗಳು ಎಷ್ಟು ಹೊಂದುತ್ತವೆ ಅನ್ನೋದರಿಂದ ಸಂಬಂಧದ ತೃಪ್ತಿ ಬಗ್ಗೆ ಹೆಚ್ಚೇನೂ ಹೇಳಲಾಗಲಿಲ್ಲ. ಅಂದ್ಮೇಲೆ ಮೌಲ್ಯವೂ ಮುಖ್ಯ ಅಲ್ಲ, ಹವ್ಯಾಸವೂ ಮುಖ್ಯ ಅಲ್ಲ, ಅಲ್ವಾ?

ಆಪ್ತಸಮಾಲೋಚಕಿ

ಅಧ್ಯಯನ ನಿಜ, ನೀವು ತೆಗೆದ ತೀರ್ಮಾನ ಅರ್ಧ ಸರಿ. ಸಂಗಾತಿ ಈ ಸಂಬಂಧಕ್ಕೆ ಬದ್ಧರಾಗಿದ್ದಾರೆ, ನನ್ನನ್ನು ಮೆಚ್ಚುತ್ತಾರೆ ಎಂಬ ಭಾವನೆಯೇ ಅಲ್ಲಿ ಹೆಚ್ಚು ತೂಕ ಪಡೆದದ್ದು. ಆದರೆ ಅವರೆಲ್ಲ ಆಗಲೇ ಜೋಡಿಯಾಗಿದ್ದವರು. ಮಗು ಬೇಡವೇ ಬೇಡ ಎನ್ನುವವರೂ ಮೂರು ಬೇಕು ಎನ್ನುವವರೂ ಸಾಮಾನ್ಯವಾಗಿ ಅಷ್ಟು ದೂರ ಬರುವುದೇ ಇಲ್ಲ, ಮೊದಲೇ ಬೇರೆಯಾಗಿರುತ್ತಾರೆ. ದೊಡ್ಡ ಅಂತರ ಇದ್ದವರು ಲೆಕ್ಕಕ್ಕೇ ಸಿಗದಿದ್ದಾಗ ಅಂತರದ ಪರಿಣಾಮವೂ ಚಿಕ್ಕದಾಗಿ ಕಾಣುತ್ತದೆ. ಅಲ್ಲದೆ ಆ ಜೋಡಿಗಳು ಹೆಚ್ಚಾಗಿ ಪಾಶ್ಚಾತ್ಯ ದೇಶಗಳವರು. ಮನೆಯವರು ಕೂಡಿಸುವ ಮದುವೆಯಲ್ಲಿ ಮೂರು ತಿಂಗಳ ಪರಿಚಯದ ಮೇಲೆ ನಿರ್ಧಾರ ಆಗುತ್ತದೆ, ದೊಡ್ಡ ಅಂತರಗಳು ಜರಡಿ ಹಿಡಿದು ಹೋಗಿರುವುದಿಲ್ಲ. ನಮ್ಮಲ್ಲಿ ಆ ಜರಡಿಯನ್ನು ನಾವೇ ಹಿಡಿಯಬೇಕು.

ದಾವಣಗೆರೆಯ ಸದಸ್ಯೆ

ಹವ್ಯಾಸ ಬದಲಾಗುತ್ತೆ, ಮೌಲ್ಯ ಬದಲಾಗಲ್ಲ, ಅಷ್ಟೇ ಅಲ್ವಾ? ಆದ್ರೆ ನಮ್ಮನೆಯವರಿಗೆ ಕ್ರಿಕೆಟ್ ಹುಚ್ಚು ಹದಿನಾಲ್ಕು ವರ್ಷದಿಂದ ಬದಲಾಗಿಲ್ಲ ಮೇಡಂ. ಪ್ರತಿ ಭಾನುವಾರ ಬೆಳಿಗ್ಗೆ ಹೋದ್ರೆ ಮಧ್ಯಾಹ್ನ ಎರಡಕ್ಕೆ ಬರ್ತಾರೆ. ಮನೆ, ದುಡ್ಡು, ಮಕ್ಕಳು ಎಲ್ಲದರಲ್ಲೂ ನಮ್ಮಿಬ್ಬರದು ಒಂದೇ ಮಾತು. ಆದ್ರೂ ಭಾನುವಾರ ಬಂದ್ರೆ ನನಗೆ ಸಿಟ್ಟು.

ಆಪ್ತಸಮಾಲೋಚಕಿ

ಮೌಲ್ಯಗಳೂ ಬದಲಾಗುತ್ತವೆ. ಇದ್ದಕ್ಕಿದ್ದಂತೆ ಮಾಯವಾಗುವುದಿಲ್ಲ, ಆದರೆ ಯಾವುದು ಮೇಲೆ, ಯಾವುದು ಕೆಳಗೆ ಎಂಬ ಸಾಲು ತಿರುಗುತ್ತದೆ. ಮಗು ಹುಟ್ಟಿದಾಗ, ತಂದೆತಾಯಿ ಹಾಸಿಗೆ ಹಿಡಿದಾಗ, ಕೆಲಸ ಹೋದಾಗ ಹಾಗಾಗುವುದು ಹೆಚ್ಚು. ಆದ್ದರಿಂದ ಮೇಲೆ ಹೇಳಿದ ನಾಲ್ಕು ಪ್ರಶ್ನೆಗಳನ್ನು ಮದುವೆಯ ನಂತರವೂ ಇಂಥ ಪ್ರತಿ ತಿರುವಿನಲ್ಲಿ ಮತ್ತೆ ಬರೆಯಬೇಕು.

ನಿಮ್ಮ ಭಾನುವಾರದ ವಿಷಯ ಈ ಚರ್ಚೆಗೆ ತುಂಬಾ ಬೇಕಾದದ್ದು. ಟೆಡ್ ಹ್ಯೂಸ್ಟನ್ ಮತ್ತು ಸಂಗಡಿಗರು 1981ರಲ್ಲಿ ಮದುವೆಯಾದ ಅಮೆರಿಕದ ದಂಪತಿಗಳನ್ನು ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಿಂಬಾಲಿಸಿ ನೋಡಿದರು. ಗಂಡನಿಗೆ ಇಷ್ಟವಾದ, ಹೆಂಡತಿಗೆ ಇಷ್ಟವಿಲ್ಲದ ಕೆಲಸದಲ್ಲಿ ಬಿಡುವಿನ ಸಮಯ ಕಳೆದುಹೋದಾಗ ಹೆಂಡತಿಯರ ಅತೃಪ್ತಿ ಹೆಚ್ಚಿತ್ತು. ಗಂಡ ಒಬ್ಬರೇ ಅದನ್ನು ಮಾಡಿದರೂ ಅಷ್ಟೇ, ಹೆಂಡತಿ ಜೊತೆಗಿದ್ದರೂ ಅಷ್ಟೇ. ಹಾಗಾಗಿ ನೀವು ಕ್ರಿಕೆಟ್ ಕಲಿತು ಮೈದಾನಕ್ಕೆ ಹೋಗಿ ಕೂತರೆ ಸರಿಹೋಗುತ್ತದೆ ಎಂದು ನಾನು ಹೇಳಲಾರೆ. ವಾರದ ಒಂದೇ ರಜೆ ಯಾರ ಇಷ್ಟಕ್ಕೆ ಹೋಗುತ್ತದೆ ಎಂಬುದು ಇಲ್ಲಿ ಮುಖ್ಯ, ಅದು ಇಬ್ಬರ ನಡುವಿನ ನ್ಯಾಯದ ಮಾತು. ತಿಂಗಳ ನಾಲ್ಕು ಭಾನುವಾರದಲ್ಲಿ ಎರಡು ಅವರಿಗಿರಲಿ, ಒಂದು ನಿಮಗೆ, ಅವತ್ತು ಮಕ್ಕಳನ್ನು ಅವರು ನೋಡಿಕೊಳ್ಳಲಿ. ಉಳಿದ ಒಂದು ದಿನ ಇಬ್ಬರಿಗೂ ಹೊಸದಾದ ಏನಾದರೂ ಮಾಡಿ. ಎರಡು ತಿಂಗಳು ನಡೆಸಿ ನೋಡಿ. ಆಮೇಲೂ ಸಿಟ್ಟು ಹಾಗೇ ಇದ್ದರೆ ಕಾರಣ ಕ್ರಿಕೆಟ್ ಅಲ್ಲ, ಬೇರೆ ಹುಡುಕಬೇಕು.

ಪ್ರಶ್ನೆ ಕೇಳಿದವರಿಗೂ ಇದು ಅನ್ವಯಿಸುತ್ತದೆ. ಚಾರಣ ಇಬ್ಬರಿಗೂ ಇಷ್ಟ ಎನ್ನುವುದು ಒಳ್ಳೆಯದೇ, ಅದರಿಂದ ಒಟ್ಟಿಗೆ ಸಮಯ ಸಿಗುತ್ತದೆ. ಆದರೆ ನಿಮ್ಮ ಮೊಣಕಾಲು ನೋವು ಬಂದು ನೀವು ಬೆಟ್ಟ ಹತ್ತಲಾರದ ವರ್ಷ ಅವರು ಏನು ಮಾಡುತ್ತಾರೆ ಎನ್ನುವುದನ್ನು ಕೂಡ ಊಹಿಸಿ ನೋಡಿ. ಇಷ್ಟ ಒಂದೇ ಇರುವುದಕ್ಕಿಂತ, ಇಷ್ಟ ಬೇರೆಯಾದಾಗ ಸಮಯ ಹೇಗೆ ಹಂಚಿಕೊಳ್ಳುತ್ತೀರಿ ಎಂಬುದು ದೀರ್ಘಕಾಲಕ್ಕೆ ಹೆಚ್ಚು ತೂಗುತ್ತದೆ.

ಪ್ರಶ್ನೆ ಕೇಳಿದವರು

ಮೇಡಂ, ಇಬ್ಬರೂ ಬರೆದ್ವಿ. ದುಡ್ಡಿನ ವಿಷಯದಲ್ಲಿ "ಎರಡೂ ಕಡೆಗೆ 10,000ಕ್ಕೆ ಇಳಿಸೋಣ, ಮನೆ ಕಂತು ನಿಲ್ಲಿಸೋಕೆ ಆಗಲ್ಲ" ಅಂತ ಬರೆದಿದ್ದಾರೆ. ನನಗೆ ನೆಮ್ಮದಿ ಆಯ್ತು. ಆದ್ರೆ ಅಮ್ಮನ ಆರೋಗ್ಯ ಕೆಟ್ಟರೆ ಅನ್ನೋದಕ್ಕೆ "ಆಮೇಲೆ ನೋಡೋಣ" ಅಂತ ಮಾತ್ರ ಇದೆ. ಮಗುವಿನ ಪ್ರಶ್ನೆಗೆ ಅವರು "ಎರಡು" ಅಂದಿದ್ದಾರೆ, ನಾನು "ಗೊತ್ತಿಲ್ಲ" ಅಂತ ಬರೆದೆ.

ಆಪ್ತಸಮಾಲೋಚಕಿ

ದುಡ್ಡಿನ ಉತ್ತರದಲ್ಲಿ ಮೊತ್ತ ಇದೆ, ಬಿಡಲಾರದ್ದು ಯಾವುದು ಎಂಬುದೂ ಇದೆ. ಅದು ನಂಬಬಹುದಾದ ಉತ್ತರ. "ಆಮೇಲೆ ನೋಡೋಣ" ಎಂಬುದರ ಹಿಂದೆ ಅವರ ಮನೆಯವರ ಅಭಿಪ್ರಾಯ ಇರಬಹುದು, ಅಥವಾ ಅವರು ಯೋಚಿಸದೆಯೇ ಇರಬಹುದು. ತಿಳಿಯಲು ಪ್ರಶ್ನೆಯನ್ನು ಚಿಕ್ಕದು ಮಾಡಿ: "ಅಮ್ಮನಿಗೆ ಶಸ್ತ್ರಚಿಕಿತ್ಸೆ ಆದರೆ ಮೂರು ತಿಂಗಳು ನಮ್ಮ ಜೊತೆ ಇರಬಹುದಾ?" ಇದಕ್ಕೆ ಹೌದು ಬಂದರೆ, "ಒಂಟಿಯಾಗಿ ಇರಲು ಆಗದಿದ್ದರೆ ಶಾಶ್ವತವಾಗಿ?" ಎಂದು ಮುಂದಿನದನ್ನು ಇನ್ನೊಂದು ದಿನ ಕೇಳಿ. ಮೊದಲನೆಯದಕ್ಕೇ "ನಮ್ಮಮ್ಮ ಒಪ್ಪಲ್ಲ" ಎಂದು ಬಂದರೆ ಸುಮ್ಮನಾಗಬೇಡಿ, "ನಿಮ್ಮ ಅಭಿಪ್ರಾಯ ಏನು" ಎಂದು ಕೇಳಿ.

ಮಗುವಿನ ವಿಷಯದಲ್ಲಿ ಸರಿಯಾದ ಉತ್ತರ ನನ್ನ ಬಳಿ ಇಲ್ಲ. ನಿಮ್ಮ "ಗೊತ್ತಿಲ್ಲ" ಪ್ರಾಮಾಣಿಕವಾದದ್ದು, ಅದನ್ನು ಅವರು ಒಪ್ಪಿಗೆ ಎಂದು ಓದಿಕೊಳ್ಳಬಾರದು ಅಷ್ಟೇ. ಒಂದಾದ ಮೇಲೆ ನಿಲ್ಲಿಸಿದರೂ ಅವರಿಗೆ ಸರಿಯಾ, ಆಗಲೇ ಇಲ್ಲವಾದರೆ ಸರಿಯಾ ಎಂಬೆರಡನ್ನು ಬೇರೆಬೇರೆಯಾಗಿ ಕೇಳಿ. ಆ ಎರಡಕ್ಕೂ ಉತ್ತರ ಬರುವವರೆಗೆ ನಿಶ್ಚಿತಾರ್ಥದ ದಿನ ಗೊತ್ತುಮಾಡಬೇಡಿ ಎಂದು ಅಮ್ಮನಿಗೆ ಹೇಳಿಬಿಡಿ.